ಸ್ಕ್ರೀನ್‌ಶಾಟ್ ಸುಳ್ಳಲ್ಲ, ಪೂರ್ತಿ ಅಲ್ಲ ಅಷ್ಟೇ

(1/9)
ನಮ್ಮ ಸೆಕ್ಷನ್ ಗ್ರೂಪ್‌ನಲ್ಲಿ ಈ ವಾರ ಮೂರು ಸಲ ಒಂದೇ ಟೆಲಿಗ್ರಾಂ ಲಿಂಕ್ ಬಂದಿದೆ. ನಿಫ್ಟಿ ಆಪ್ಷನ್ ಕಾಲ್ಸ್, ವಿಐಪಿ ಗ್ರೂಪ್, ತಿಂಗಳಿಗೆ 2,999, "ಶ್ಯೂರ್‌ಶಾಟ್", ನಷ್ಟ ಆದ್ರೆ ಫೀಸ್ ವಾಪಸ್. ನಾಲ್ಕು ಜನ ಸೇರಿ ಒಂದು ಸಬ್‌ಸ್ಕ್ರಿಪ್ಷನ್ ಹಂಚ್ಕೊಳ್ಳೋ ಪ್ಲಾನ್ ಕೂಡ ರೆಡಿ ಇದೆ ಅಂತ ಗೊತ್ತಾಯ್ತು. ಅದ್ರಲ್ಲಿ ಇಬ್ಬರು ಹಾಕ್ತಿರೋದು ಸ್ಕಾಲರ್‌ಶಿಪ್ ದುಡ್ಡು. ಅವರ ಹೆಸರು ಹೇಳಲ್ಲ, ಅವರಿಗೆ ಗೊತ್ತು.

ಸೇರಬೇಡಿ ಅಂತ ಒಂದು ಸ್ಟೋರಿ ಹಾಕಿ ಸುಮ್ಮನಾಗಬಹುದಿತ್ತು. ಆದ್ರೆ ಅದನ್ನ ಯಾರೂ ಕೇಳಲ್ಲ. ಯಾಕಂದ್ರೆ ನಿಮ್ಮ ಕೈಯಲ್ಲಿ ಸ್ಕ್ರೀನ್‌ಶಾಟ್ ಇದೆ, ನನ್ನ ಕೈಯಲ್ಲಿ ಬರೀ ಬುದ್ಧಿಮಾತು ಇದೆ. ಸ್ಕ್ರೀನ್‌ಶಾಟ್ ಎದುರಿಗೆ ಬುದ್ಧಿಮಾತು ಯಾವಾಗ್ಲೂ ಸೋಲತ್ತೆ. ಅದಕ್ಕೆ ಈ ಒಂಬತ್ತು ಪೋಸ್ಟ್‌ನಲ್ಲಿ ಬುದ್ಧಿ ಹೇಳಲ್ಲ. ದಾಖಲೆ ಎಲ್ಲಿ ಸಿಗತ್ತೆ, ಅದನ್ನ ಅವರ ಮಾತಿನ ಪಕ್ಕ ಇಟ್ಟು ಹೇಗೆ ನೋಡೋದು ಅಂತ ಹೇಳ್ತೀನಿ. ನೋಡಿದ ಮೇಲೂ ಸೇರ್ತೀನಿ ಅಂದ್ರೆ ಅದು ನಿಮ್ಮ ದುಡ್ಡು.

(2/9)
ಆಡಿಟಿಂಗ್ ಪೇಪರ್‌ನಲ್ಲಿ ವೋಚಿಂಗ್ ಓದಿದ್ವಲ್ಲ? ಪುಸ್ತಕದಲ್ಲಿರೋ ಪ್ರತಿ ಎಂಟ್ರಿಗೂ ಒಂದು ವೋಚರ್ ಇದೆಯಾ ನೋಡೋದು. ಅದ್ರಿಂದ ಪುಸ್ತಕದಲ್ಲಿ ಇರೋದು ನಿಜ ಅಂತ ಗೊತ್ತಾಗತ್ತೆ. ಪುಸ್ತಕಕ್ಕೆ ಬರದೇ ಹೋದದ್ದು ಏನು ಅಂತ ಗೊತ್ತಾಗಲ್ಲ. ಅದಕ್ಕೇ ಆಡಿಟರ್ ಎರಡನ್ನೂ ಬೇರೆ ಬೇರೆಯಾಗಿ ನೋಡ್ತಾರೆ: ಬರೆದದ್ದು ನಿಜವಾ, ನಿಜವಾಗಿ ನಡೆದದ್ದೆಲ್ಲ ಬರೆದಿದ್ದಾರಾ.

ನಾವೆಲ್ಲ ಟಿಪ್ಸ್ ಚಾನೆಲ್ ನೋಡಿದಾಗ ಮೊದಲನೇ ಪ್ರಶ್ನೆ ಮಾತ್ರ ಕೇಳ್ತೀವಿ. "ಈ ಸ್ಕ್ರೀನ್‌ಶಾಟ್ ಫೇಕಾ?" ಅಂತ. ಎಷ್ಟೋ ಸಲ ಅದು ಫೇಕ್ ಅಲ್ಲ ಕಣ್ರೋ! ಆ ಟ್ರೇಡ್ ನಡೆದಿದೆ, ಆ ಲಾಭ ಬಂದಿದೆ. ಒಂದು ಕಿರಾಣಿ ಅಂಗಡಿಯವರು ಮಾರಿದ ಬಿಲ್ ಮಾತ್ರ ಜೋಡಿಸಿ ಇಟ್ಟು, ಮಾಲು ತಂದ ಬಿಲ್ಲು, ಬಾಡಿಗೆ ರಸೀದಿ, ಕೆಟ್ಟುಹೋದ ಟೊಮೇಟೊ ಎಲ್ಲ ಬಚ್ಚಿಟ್ಟು "ನೋಡಿ ನನ್ನ ಲಾಭ" ಅಂದ ಹಾಗೆ. ತೋರಿಸಿದ ಬಿಲ್ ಒಂದೂ ಸುಳ್ಳಲ್ಲ.

ಇದಕ್ಕೆ ಪಬ್ಲಿಕ್ ದಾಖಲೆಯಲ್ಲೇ ಉದಾಹರಣೆ ಇದೆ. 'ಬಾಪ್ ಆಫ್ ಚಾರ್ಟ್' ಹೆಸರು ಕೇಳಿರ್ತೀರ. 2023ರ ಅಕ್ಟೋಬರ್‌ನಲ್ಲಿ ಸೆಬಿ ಅದರ ಮೇಲೆ ಮಧ್ಯಂತರ ಆದೇಶ ಹೊರಡಿಸ್ತು. ಕೋರ್ಸ್ ಹೆಸರಲ್ಲಿ ಶೇರು ಕೊಳ್ಳೋ ಮಾರೋ ಸಲಹೆ ಕೊಡ್ತಿದ್ರು, ನೋಂದಣಿ ಇರಲಿಲ್ಲ, 17.2 ಕೋಟಿ ರೂಪಾಯಿ ಬೇರೆ ಇಡಬೇಕು ಅಂತ. ಆ ಆದೇಶದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು ಸಂಖ್ಯೆ. 2021ರ ಜನವರಿಯಿಂದ 2023ರ ಜುಲೈವರೆಗೆ ಅವರ ಸ್ವಂತ ಟ್ರೇಡಿಂಗ್ ಲೆಕ್ಕವನ್ನ ಸೆಬಿ ಪೂರ್ತಿ ತೆಗೆದು ನೋಡಿದಾಗ ಸಿಕ್ಕಿದ್ದು ಸುಮಾರು 2.89 ಕೋಟಿ ನಿವ್ವಳ ನಷ್ಟ. ಜನಕ್ಕೆ ಕಾಣ್ತಿದ್ದದ್ದು ಲಾಭದ ದಿನಗಳು ಮಾತ್ರ. ಸೆಬಿ ಹತ್ರ ಪೂರ್ತಿ ಲೆಡ್ಜರ್ ತರಿಸೋ ಅಧಿಕಾರ ಇದೆ, ನಮ್ಮ ಹತ್ರ ಇಲ್ಲ. ಆದ್ರೂ ಚಾನೆಲ್‌ನ ಪುಸ್ತಕ ಪೂರ್ತಿ ಇದೆಯಾ ಇಲ್ವಾ ಅಂತ ನಾವೂ ಒಂದಷ್ಟು ಕಂಡುಹಿಡೀಬಹುದು.

(3/9)
ಅದಕ್ಕೆ ಮುಂಚೆ ಎರಡು ನಿಮಿಷದ ಕೆಲಸ. ನೋಂದಣಿ.

ಹಣ ತಗೊಂಡು ಇಂಥ ಶೇರು, ಇಂಥ ಆಪ್ಷನ್ ತಗೊಳ್ಳಿ ಅನ್ನೋರು ಸೆಬಿಯಲ್ಲಿ ನೋಂದಣಿ ಮಾಡಿಸಿರಬೇಕು. ರಿಸರ್ಚ್ ಅನಾಲಿಸ್ಟ್ ಆದ್ರೆ ನಂಬರ್ `INH` ಅಂತ ಶುರುವಾಗತ್ತೆ, ಇನ್ವೆಸ್ಟ್‌ಮೆಂಟ್ ಅಡ್ವೈಸರ್ ಆದ್ರೆ `INA`. ಸೆಬಿ ವೆಬ್‌ಸೈಟ್‌ನಲ್ಲಿ ನೋಂದಾಯಿತರ ಪಟ್ಟಿ ಇದೆ, ಅಲ್ಲಿ ನಂಬರ್ ಹಾಕಿ ಹುಡುಕಿ. ನಂಬರ್ ಸಿಕ್ಕಿದ ತಕ್ಷಣ ಖುಷಿಪಟ್ಟು ಮುಚ್ಚಬೇಡಿ, ಯಾಕಂದ್ರೆ ಬೇರೆಯವರ ನಂಬರ್ ಬಯೋದಲ್ಲಿ ಅಂಟಿಸಿಕೊಳ್ಳೋರು ಇದ್ದಾರೆ. ಪಟ್ಟಿಯಲ್ಲಿರೋ ಹೆಸರು, ಇಮೇಲ್, ಫೋನು ಇವೇ ನಿಮಗೆ ಕ್ಯೂಆರ್ ಕೋಡ್ ಕಳಿಸಿದೋರದ್ದಾ ಅಂತ ನೋಡಿ. ಸ್ಕ್ಯಾನ್ ಮಾಡಿದಾಗ ಯಾರದೋ ಪರ್ಸನಲ್ ಹೆಸರು ಬಂದ್ರೆ ಅಲ್ಲಿಗೆ ನಿಲ್ಲಿಸಿ. ಪಟ್ಟಿಯಲ್ಲಿರೋ ಇಮೇಲ್‌ಗೆ "ಇದು ನಿಮ್ಮದೇ ಚಾನೆಲ್ಲಾ?" ಅಂತ ಒಂದು ಸಾಲು ಬರೆದು ಕೇಳೋದು ಇನ್ನೂ ಒಳ್ಳೇದು.

ಉದ್ಯಮ್ ಸರ್ಟಿಫಿಕೇಟ್, ಜಿಎಸ್‌ಟಿ ನಂಬರ್, ಪರೀಕ್ಷೆ ಪಾಸಾದ ಎನ್‌ಐಎಸ್‌ಎಂ ಸರ್ಟಿಫಿಕೇಟ್, ಇವ್ಯಾವೂ ಸೆಬಿ ನೋಂದಣಿ ಅಲ್ಲ. "ಎಜುಕೇಶನಲ್ ಪರ್ಪಸ್ ಓನ್ಲಿ" ಅಂತ ಕೆಳಗೆ ಬರೆದ್ರೂ ತಪ್ಪಿಸಿಕೊಳ್ಳಕ್ಕಾಗಲ್ಲ. ಬರೀ ಪಾಠ ಮಾಡೋರು ಹಿಂದಿನ ಮೂರು ತಿಂಗಳೊಳಗಿನ ಬೆಲೆ ಬಳಸಿ ಶೇರಿನ ಹೆಸರು ಹೇಳಿ ಮುಂದೆ ಏನಾಗತ್ತೆ ಅನ್ನೋ ಹಾಗಿಲ್ಲ ಅಂತ 2025ರ ಜನವರಿಯಲ್ಲೇ ಸೆಬಿ ಸುತ್ತೋಲೆ ಹೊರಡಿಸಿದೆ. ಇವತ್ತಿನ ನಿಫ್ಟಿ ಕಾಲ್ ಯಾವ ಪಾಠ ಹೇಳಿ.

ಇನ್ನು "ಗ್ಯಾರಂಟಿ" ಅನ್ನೋ ಪದ. ನೋಂದಣಿ ಇರೋರು ಖಚಿತ ಲಾಭದ ಭರವಸೆ ಕೊಡೋ ಹಾಗೇ ಇಲ್ಲ. ಹಾಗಾಗಿ ಆ ಪದ ಹೇಳಿದೋರು ಒಂದೋ ನೋಂದಣಿ ಇಲ್ಲದೋರು, ಇಲ್ಲ ಇದ್ದೂ ನಿಯಮ ಮುರಿದೋರು. ಆದ್ರೆ ಇದರ ಉಲ್ಟಾನೂ ನೆನಪಿಟ್ಕೊಳ್ಳಿ: ನೋಂದಣಿ ಇದೆ ಅಂದ ಮಾತ್ರಕ್ಕೆ ಅವರ ಕಾಲ್ಸ್ ಲಾಭ ಕೊಡತ್ತೆ ಅಂತಲ್ಲ. ಡ್ರೈವಿಂಗ್ ಲೈಸೆನ್ಸ್ ಇದ್ದೋರೆಲ್ಲ ಒಳ್ಳೆ ಡ್ರೈವರ್ ಅಲ್ಲ ನೋಡಿ.

(4/9)
ಈಗ ಪುಸ್ತಕ ಪೂರ್ತಿ ಇದೆಯಾ ಅನ್ನೋ ಪ್ರಶ್ನೆ. ಟೆಲಿಗ್ರಾಂನಲ್ಲಿ ಮೆಸೇಜ್ ಡಿಲೀಟ್ ಮಾಡಿದ್ರೆ ಗುರುತೇ ಇರಲ್ಲ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಅಡ್ಮಿನ್‌ಗಳೂ ಹಾಗೇ ಅಂದ್ಕೊಂಡಿರ್ತಾರೆ. ಗುರುತು ಉಳಿಯತ್ತೆ.

ಪಬ್ಲಿಕ್ ಚಾನೆಲ್‌ನ ಯಾವುದಾದ್ರೂ ಮೆಸೇಜ್ ಒತ್ತಿ ಹಿಡಿದು ಲಿಂಕ್ ಕಾಪಿ ಮಾಡಿ. ಅದು ಹೀಗಿರತ್ತೆ:

`t.me/channelname/4127`

ಕೊನೇ ಸಂಖ್ಯೆ ಆ ಮೆಸೇಜ್‌ನ ಕ್ರಮಸಂಖ್ಯೆ. ಚಾನೆಲ್‌ನಲ್ಲಿ ಮುಂದಿನ ಪೋಸ್ಟ್ 4128, ಅದರ ಮುಂದಿನದು 4129. ಡಿಲೀಟ್ ಮಾಡಿದ ಸಂಖ್ಯೆಯನ್ನ ಟೆಲಿಗ್ರಾಂ ಮತ್ತೆ ಬೇರೆ ಮೆಸೇಜ್‌ಗೆ ಕೊಡಲ್ಲ. ಹಾಗಾಗಿ 4127 ಆದಮೇಲೆ ನಿಮಗೆ ಕಾಣೋದು ಸೀದಾ 4133 ಆಗಿದ್ರೆ ನಡುವೆ ಐದು ಸಂಖ್ಯೆ ಎಲ್ಲಿ ಹೋಯ್ತು ಅಂತ ಕೇಳಬಹುದು. ರಸೀದಿ ಪುಸ್ತಕದಲ್ಲಿ ಹಾಳೆ ಹರಿದಿದ್ರೆ ನಂಬರ್ ನೋಡಿ ಹಿಡೀತಾರಲ್ಲ, ಅದೇ.

ಅವಸರ ಮಾಡಬೇಡಿ, ಇದಕ್ಕೊಂದು ಮಿತಿ ಇದೆ. ನಾಲ್ಕು ಫೋಟೋ ಒಟ್ಟಿಗೆ ಹಾಕಿದ್ರೆ ಒಂದೇ ಪೋಸ್ಟ್ ಥರ ಕಂಡ್ರೂ ನಾಲ್ಕು ಸಂಖ್ಯೆ ಖರ್ಚಾಗತ್ತೆ. ಪಿನ್ ಮಾಡಿದ್ದು, ಚಾನೆಲ್ ಹೆಸರು ಬದಲಿಸಿದ್ದು ಇವಕ್ಕೂ ಸಂಖ್ಯೆ ಹೋಗತ್ತೆ. ಅದಕ್ಕೆ ಒಂದು ಗ್ಯಾಪ್ ನೋಡಿ ಕಳ್ಳ ಅನ್ನಕ್ಕಾಗಲ್ಲ. ನೀವು ನೋಡಬೇಕಾದ್ದು ಗ್ಯಾಪ್ ಯಾವ ದಿನ ಬಿದ್ದಿದೆ ಅಂತ. ಬೆಳಿಗ್ಗೆ 9:40ಕ್ಕೆ "ಇವತ್ತು ಜಾಕ್‌ಪಾಟ್, ರೆಡಿ ಇರಿ" ಅಂತ ಒಂದು ಪೋಸ್ಟ್, ಆಮೇಲೆ ಆರು ಸಂಖ್ಯೆ ಮಾಯ, ಆಮೇಲೆ ಮಧ್ಯಾಹ್ನ "ಮಾರ್ಕೆಟ್ ಸೈಡ್‌ವೇಸ್, ನೋ ಟ್ರೇಡ್ ಡೇ". ಇಂಥದ್ದು ತಿಂಗಳಲ್ಲಿ ಐದಾರು ದಿನ ಸಿಕ್ಕಿದ್ರೆ ಅದು ಕಾಕತಾಳೀಯ ಅಲ್ಲ.

ಇನ್ನೂ ಗಟ್ಟಿ ಸಾಕ್ಷಿ ಬೇಕಂದ್ರೆ ಲ್ಯಾಪ್‌ಟಾಪ್‌ನಲ್ಲಿ ಟೆಲಿಗ್ರಾಂ ಡೆಸ್ಕ್‌ಟಾಪ್ ಹಾಕಿ, ಚಾನೆಲ್‌ನ ಮೆನುವಿನಲ್ಲಿ `Export chat history` ಕೊಡಿ. ಪ್ರತಿದಿನ ಸಂಜೆ ಒಂದು ಎಕ್ಸ್‌ಪೋರ್ಟ್, ತಿಂಗಳ ಕೊನೆಗೆ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ರೆ ಏನು ಹೋಗಿದೆ, ಏನು ಬದಲಾಗಿದೆ ಅಂತ ಕಣ್ಣಿಗೇ ಕಾಣತ್ತೆ. ಕೆಲವು ಚಾನೆಲ್‌ನಲ್ಲಿ ಸೇವ್ ಮಾಡೋದನ್ನೇ ಬಂದ್ ಮಾಡಿರ್ತಾರೆ. ಆಗ ನೋಟ್‌ಬುಕ್ಕು ಪೆನ್ನು, ಅಷ್ಟೇ. ಲಾಭದ ಸ್ಕ್ರೀನ್‌ಶಾಟ್ ಊರಿಗೆಲ್ಲ ಹಂಚಿ ಅನ್ನೋರು ಕಾಲ್ಸ್ ಮಾತ್ರ ಯಾಕೆ ಸೇವ್ ಮಾಡಕ್ಕೆ ಬಿಡಲ್ಲ ಅಂತ ನಾನು ಸುಮ್ಮನೆ ಕೇಳ್ತಿದ್ದೀನಿ.

(5/9)
ಎಡಿಟ್ ಬಗ್ಗೆ ಒಂದು ಮಾತು, ಆಮೇಲೆ ಬೆಲೆ.

ಪೋಸ್ಟ್ ಎಡಿಟ್ ಆಗಿದ್ರೆ ಸಮಯದ ಪಕ್ಕ `edited` ಅಂತ ಬರತ್ತೆ. ಆದ್ರೆ ಅಲ್ಲಿ ತೋರಿಸೋ ಸಮಯ ಮೊದಲು ಹಾಕಿದ್ದು, ಎಡಿಟ್ ಮಾಡಿದ್ದಲ್ಲ. 9:31ಕ್ಕೆ "ನಿಫ್ಟಿ 24500 CE ಗಮನಿಸಿ" ಅಂತ ಹಾಕಿ, 11 ಗಂಟೆಗೆ ಬೆಲೆ ಓಡಿದ ಮೇಲೆ "120ಕ್ಕೆ ಕೊಳ್ಳಿ" ಅಂತ ಸೇರಿಸಿದ್ರೂ ನಿಮಗೆ ಕಾಣೋದು 9:31. ಎಡಿಟ್ ಆದ ಕಾಲ್‌ಗಳನ್ನ ಲೆಕ್ಕದಿಂದಲೇ ಬಿಟ್ಟುಬಿಡಿ, ಎಷ್ಟು ಬಿಟ್ರಿ ಅಂತ ಮಾತ್ರ ಬರೆದಿಟ್ಕೊಳ್ಳಿ.

ಈಗ ಅವರು ಹೇಳಿದ ಬೆಲೆ ಮಾರ್ಕೆಟ್‌ನಲ್ಲಿ ನಿಜವಾಗಿ ಇತ್ತಾ? ಇದಕ್ಕೆ ಎನ್‌ಎಸ್‌ಇ ಪ್ರತಿದಿನ ಸಂಜೆ ಬಿಡೋ ಭಾವ್‌ಕಾಪಿ ಸಾಕು. ಎನ್‌ಎಸ್‌ಇ ವೆಬ್‌ಸೈಟ್‌ನಲ್ಲಿ ರಿಪೋರ್ಟ್ಸ್ ಒಳಗೆ ಡೆರಿವೇಟಿವ್ಸ್‌ಗೆ ಹೋದ್ರೆ ಜಿಪ್ ಫೈಲ್ ಸಿಗತ್ತೆ, ಫ್ರೀ. ಎಕ್ಸೆಲ್‌ನಲ್ಲಿ ತೆರೆದು `TckrSymb` ಕಾಲಮ್‌ನಲ್ಲಿ NIFTY, `StrkPric`ನಲ್ಲಿ 24500, `OptnTp`ನಲ್ಲಿ CE ಫಿಲ್ಟರ್ ಮಾಡಿ, `XpryDt`ನಲ್ಲಿ ಸರಿಯಾದ ವಾರ ಆರಿಸಿ. ಆ ಸಾಲಿನಲ್ಲಿ `HghPric` ಅಂದ್ರೆ ಆ ದಿನದ ಗರಿಷ್ಠ ಬೆಲೆ, `LwPric` ಕನಿಷ್ಠ. ಅಡ್ಮಿನ್ "118ಕ್ಕೆ ಎಂಟ್ರಿ ಸಿಕ್ತು" ಅಂದಿದ್ದಾರೆ, ಭಾವ್‌ಕಾಪಿಯಲ್ಲಿ ಕನಿಷ್ಠ 131 ಇದೆ ಅಂತಿಟ್ಕೊಳ್ಳಿ. ಮುಗೀತು. ಆ ಬೆಲೆಗೆ ಆ ದಿನ ದೇಶದಲ್ಲಿ ಒಬ್ಬರೂ ಕೊಂಡಿಲ್ಲ.

ಭಾವ್‌ಕಾಪಿಗೆ ಗೊತ್ತಿಲ್ಲದ ವಿಷಯ ಒಂದಿದೆ: ಗರಿಷ್ಠ ಮೊದಲು ಬಂತಾ, ಕನಿಷ್ಠ ಮೊದಲು ಬಂತಾ. ಟಾರ್ಗೆಟ್, ಸ್ಟಾಪ್‌ಲಾಸ್ ಎರಡೂ ಆ ದಿನ ಮುಟ್ಟಿದ್ರೆ ಯಾವುದು ಮುಂಚೆ ಅನ್ನೋದೇ ಪ್ರಶ್ನೆ. ಅದಕ್ಕೆ ಬ್ರೋಕರ್ ಆ್ಯಪ್‌ನಲ್ಲಿ ಅದೇ ಸ್ಟ್ರೈಕ್‌ನ ಒಂದು ನಿಮಿಷದ ಚಾರ್ಟ್ ಬೇಕು. ಇದನ್ನ ಆ ವಾರವೇ ನೋಡಿಬಿಡಿ. ನಿಫ್ಟಿ ವಾರದ ಕಾಂಟ್ರಾಕ್ಟ್ ಈಗ ಮಂಗಳವಾರ ಮುಗಿಯತ್ತೆ, ಮುಗಿದ ಮೇಲೆ ಹೆಚ್ಚಿನ ಆ್ಯಪ್‌ಗಳಲ್ಲಿ ಆ ಚಾರ್ಟೇ ಇರಲ್ಲ. ಹಳೇ ಸಾಧನೆ ತೋರಿಸೋರಿಗೆ ಇದು ಎಷ್ಟು ಅನುಕೂಲ ಅಂತ ಯೋಚನೆ ಮಾಡಿ.

(6/9)
ಈ ಪೋಸ್ಟ್ ನಿಧಾನಕ್ಕೆ ಓದಿ. ಕ್ಯಾಲ್ಕುಲೇಟರ್ ಇಟ್ಕೊಂಡ್ರೆ ಇನ್ನೂ ಒಳ್ಳೇದು.

ಲೆಕ್ಕಕ್ಕೆ ಒಂದು ತಿಂಗಳು ಕಟ್ಟಿಕೊಳ್ಳೋಣ. ಸಂಖ್ಯೆ ನಾನು ಇಟ್ಟಿದ್ದು, ಆದ್ರೆ ಕಾಲ್‌ನ ಆಕಾರ ನೀವು ದಿನಾ ನೋಡೋದೇ: "24500 CE 120ರ ಮೇಲೆ ಕೊಳ್ಳಿ, ಟಾರ್ಗೆಟ್ 130, 145, 170, ಸ್ಟಾಪ್‌ಲಾಸ್ 90." ತಿಂಗಳಿಗೆ 22 ಕಾಲ್. 16ರಲ್ಲಿ ಮೊದಲ ಟಾರ್ಗೆಟ್ ಬಂತು, 6ರಲ್ಲಿ ಸ್ಟಾಪ್‌ಲಾಸ್ ಹೊಡೀತು. ಪೋಸ್ಟರ್‌ನಲ್ಲಿ "73% ಅಕ್ಯುರಸಿ" ಅಂತ ಬರತ್ತೆ. 22ಕ್ಕೆ 16 ಅಂದ್ರೆ ಅಷ್ಟೇ, ಸುಳ್ಳಿಲ್ಲ.

ಈಗ ಪಾಯಿಂಟ್ ಎಣಿಸಿ. ಗೆದ್ದಾಗ 10 ಪಾಯಿಂಟ್, ಸೋತಾಗ 30. ಗೆದ್ದದ್ದು 160, ಸೋತದ್ದು 180. ಮೈನಸ್ 20. ನಾಲ್ಕಕ್ಕೆ ಮೂರು ಸಲದ ಹತ್ತಿರ ಗೆದ್ದೂ ಸೋಲು. ಇದು ಹೇಗೆ ಅಂದ್ರೆ, 10 ಗಳಿಸಕ್ಕೆ 30 ಪಣ ಇಟ್ರೆ ಬರೀ ಸಮ ಆಗಕ್ಕೇ 40ಕ್ಕೆ 30, ಅಂದ್ರೆ 75% ಸಲ ಗೆಲ್ಲಬೇಕು. 73% ಅದಕ್ಕಿಂತ ಕಮ್ಮಿ. ಟಾರ್ಗೆಟ್ಟೂ ಸ್ಟಾಪ್‌ಲಾಸೂ ಹೇಳದೆ ಬರೀ ಅಕ್ಯುರಸಿ ಹೇಳಿದ್ರೆ ಅದು ಅರ್ಧ ವಾಕ್ಯ.

ಇದಕ್ಕೆ ನಿಮ್ಮ ಖರ್ಚು ಸೇರಿಸಿ. ಮೆಸೇಜ್ ಬಂದು, ನೀವು ಓದಿ, ಆರ್ಡರ್ ಹಾಕೋಷ್ಟರಲ್ಲಿ ಬೆಲೆ 120 ಇರಲ್ಲ, 122 ಆಗಿರತ್ತೆ. ಕಾಲ್‌ಗೆ 2 ಪಾಯಿಂಟ್ ಅಂದ್ರೂ 22 ಕಾಲ್‌ಗೆ 44. ಲಾಟ್ ಸೈಜ್ ಆಗಾಗ ಬದಲಾಗತ್ತೆ, 2025ರಲ್ಲಿ ಇದ್ದ 75ನ್ನೇ ಇಟ್ಕೊಳ್ತೀನಿ. ಕಾಲ್‌ಗಳ ನಷ್ಟ 20 ಪಾಯಿಂಟ್ ಅಂದ್ರೆ 1,500 ರೂಪಾಯಿ. ತಡವಾಗಿ ಕೊಂಡದ್ದಕ್ಕೆ 3,300. ಬ್ರೋಕರೇಜು, ಎಸ್‌ಟಿಟಿ, ಜಿಎಸ್‌ಟಿ ಎಲ್ಲ ಸೇರಿ ಒಂದು ಲಾಟ್ ಕೊಂಡು ಮಾರಕ್ಕೆ ಸುಮಾರು 65 ರೂಪಾಯಿ ಅಂದ್ರೆ 22 ಸಲಕ್ಕೆ 1,430. ಗ್ರೂಪ್ ಫೀಸ್ 2,999. ಒಟ್ಟು ಕೈಬಿಟ್ಟದ್ದು 9,229 ರೂಪಾಯಿ. 73% ಅಕ್ಯುರಸಿ ಇದ್ದ ತಿಂಗಳಲ್ಲಿ!

(7/9)
ಅದೇ ತಿಂಗಳನ್ನ ಅಡ್ಮಿನ್ ಹೇಗೆ ತೋರಿಸ್ತಾರೆ ಗೊತ್ತಾ? "+640 ಪಾಯಿಂಟ್ಸ್, ಒಂದು ಲಾಟ್‌ಗೆ 48,000 ಲಾಭ." ಇದೂ ಆಕಾಶದಿಂದ ಬಂದ ಸಂಖ್ಯೆ ಅಲ್ಲ. ಗೆದ್ದ 16 ಕಾಲ್‌ಗಳಲ್ಲಿ ಆ ದಿನ ಬೆಲೆ ಮುಟ್ಟಿದ ಗರಿಷ್ಠವನ್ನ ತಗೊಂಡು, ಎಂಟ್ರಿ ಕಳೆದು, ಎಲ್ಲ ಕೂಡಿಸಿದ್ರೆ ಅಷ್ಟು ಬರಬಹುದು. ಗರಿಷ್ಠ ಬೆಲೆಗೇ ಸರಿಯಾಗಿ ಮಾರಿದೋರು ಯಾರೂ ಇಲ್ಲ ಅನ್ನೋದು ಬೇರೆ ಮಾತು. ಸೋತ ಆರನ್ನ ಕೂಡಿಸಲೇ ಇಲ್ಲ ಅನ್ನೋದು ಇನ್ನೂ ಬೇರೆ ಮಾತು.

ಇದಕ್ಕಿಂತ ನಾಜೂಕಾದ ಆಟ ಇನ್ನೊಂದಿದೆ. ನೀವು ಮೊದಲ ಟಾರ್ಗೆಟ್‌ನಲ್ಲೇ ಮಾರಿದ ಲೆಕ್ಕ ತೋರಿಸಿದ್ರೆ ಅವರು ಹೇಳ್ತಾರೆ, "ಬ್ರೋ, 7 ಕಾಲ್ ಎರಡನೇ ಟಾರ್ಗೆಟ್‌ಗೂ ಹೋಗಿದೆ, ಅಲ್ಲಿ ಮಾರಬೇಕಿತ್ತು." ಸರಿ, ಹಾಗೇ ಮಾಡೋಣ. ಎರಡನೇ ಟಾರ್ಗೆಟ್‌ಗೆ ಹೋದ 7ಕ್ಕೆ 25 ಪಾಯಿಂಟ್, ಹೋಗದ 9ಕ್ಕೆ 10 ಪಾಯಿಂಟ್, ಸೋತ 6 ಕಳೆದ್ರೆ ಪ್ಲಸ್ 85. ಲಾಭ ಬಂದೇ ಬಿಡ್ತು. ಆದ್ರೆ ಯಾವ 7 ಅಂತ ಬೆಳಿಗ್ಗೆ ನಿಮಗೆ ಹೇಗೆ ಗೊತ್ತಾಗ್ಬೇಕು? ಎರಡನೇ ಟಾರ್ಗೆಟ್‌ಗೆ ಕಾಯೋದು ಅಂತ ನಿಯಮ ಮಾಡ್ಕೊಂಡ್ರೆ ಎಲ್ಲ 22ರಲ್ಲೂ ಕಾಯಬೇಕು. ಆಗ ಉಳಿದ 9ರಲ್ಲಿ ಎಷ್ಟೋ ವಾಪಸ್ ಬಂದು ಸ್ಟಾಪ್‌ಲಾಸ್ ಹೊಡೆದಿರತ್ತೆ. ಎಲ್ಲ 9 ಹೊಡೆದ್ರೆ ಮೈನಸ್ 275. ಒಂದೇ ತಿಂಗಳು, ಒಂದೇ ಕಾಲ್ಸ್. ಮಾರೋ ನಿಯಮವನ್ನ ಆಮೇಲೆ ಆರಿಸಿಕೊಂಡ್ರೆ ಲಾಭ, ಮೊದಲೇ ಬರೆದಿಟ್ರೆ ನಷ್ಟ.

ಅದಕ್ಕೆ ಪರೀಕ್ಷೆ ಶುರು ಮಾಡೋ ಮುಂಚೆ ನಿಯಮ ಬರೆದು ಫ್ರೆಂಡ್‌ಗೆ ಕಳಿಸಿಬಿಡಿ, ತಾರೀಕು ಬೀಳ್ಲಿ. ನಾನು ಇಡೋ ನಿಯಮ ಇದು: ಮೆಸೇಜ್ ಬಂದ ಮುಂದಿನ ನಿಮಿಷದ ಗರಿಷ್ಠ ಬೆಲೆಯೇ ನನ್ನ ಕೊಳ್ಳೋ ಬೆಲೆ. ಮೊದಲ ಟಾರ್ಗೆಟ್ ಅಥವಾ ಸ್ಟಾಪ್‌ಲಾಸ್, ಯಾವುದು ಮುಂಚೆಯೋ ಅದಕ್ಕೆ ಹೊರಗೆ. ಎರಡೂ ಒಂದೇ ನಿಮಿಷದಲ್ಲಿ ಬಂದ್ರೆ ಸ್ಟಾಪ್‌ಲಾಸ್ ಅಂತಲೇ ಲೆಕ್ಕ. ಕಟು ಅನ್ಸಬಹುದು, ಆದ್ರೆ ದುಡ್ಡು ನಿಮ್ಮದು.

ಮತ್ತೆ, ಈ ಪರೀಕ್ಷೆಯಲ್ಲಿ ಚಾನೆಲ್ ಪಾಸಾದ್ರೆ? 22 ಕಾಲ್‌ನ ಒಂದು ತಿಂಗಳು ಅದೃಷ್ಟದಲ್ಲೂ ಚೆನ್ನಾಗಿರಬಹುದು. ಫೇಲ್ ಆದ್ರೆ ಬಿಡಕ್ಕೆ ಒಂದು ತಿಂಗಳು ಸಾಕು, ಪಾಸಾದ್ರೆ ನಂಬಕ್ಕೆ ಸಾಲಲ್ಲ. ಸೆಬಿಯದೇ ಅಧ್ಯಯನದಲ್ಲಿ 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಎಫ್ ಆ್ಯಂಡ್ ಓ ಮಾಡಿದ ಸಾಮಾನ್ಯ ಜನರಲ್ಲಿ 93% ಕಳ್ಕೊಂಡಿದ್ದಾರೆ. ಆ 7%ರಲ್ಲಿ ಇರೋರು ತಿಂಗಳಿಗೆ 2,999ಕ್ಕೆ ಅದನ್ನ ನಿಮಗೆ ಮಾರ್ತಿದ್ದಾರೆ ಅಂತ ಒಪ್ಪಿಕೊಳ್ಳಕ್ಕೆ ನನಗಂತೂ ಒಂದು ವರ್ಷದ ದಾಖಲೆಯಾದ್ರೂ ಬೇಕು.

(8/9)
"ನಮ್ಮದು ವೆರಿಫೈಡ್ ಪಿ ಆ್ಯಂಡ್ ಎಲ್" ಅನ್ನೋರ ಬಗ್ಗೆ ಡಿಎಂನಲ್ಲಿ ತುಂಬಾ ಜನ ಕೇಳಿದ್ರಿ.

ಬ್ರೋಕರ್ ವೆಬ್‌ಸೈಟ್‌ನಲ್ಲೇ ತೆರೆಯೋ ಲಿಂಕ್ ಆದ್ರೆ ಅದು ಫೋಟೋಗಿಂತ ಎಷ್ಟೋ ಮೇಲು. ಜೆರೋಧಾದಲ್ಲಿ ಆ ಸೌಲಭ್ಯ ಇದೆ. ಆದ್ರೆ ಅದು ಹೇಳೋದು ಇಷ್ಟೇ: ಈ ಒಂದು ಅಕೌಂಟ್‌ನಲ್ಲಿ, ಈ ತಾರೀಕಿಂದ ಈ ತಾರೀಕಿಗೆ, ಇಷ್ಟು ಲಾಭ. ತಾರೀಕು ಆರಿಸೋರು ಅವರು. ಅಕೌಂಟ್ ಆರಿಸೋರೂ ಅವರೇ. ಅಪ್ಪನ ಹೆಸರಲ್ಲಿ ಒಂದು ಅಕೌಂಟ್, ತಮ್ಮನ ಹೆಸರಲ್ಲಿ ಒಂದು. ಒಂದರಲ್ಲಿ CE ಕೊಂಡು ಇನ್ನೊಂದರಲ್ಲಿ PE ಕೊಂಡ್ರೆ ಮಾರ್ಕೆಟ್ ಯಾವ ಕಡೆ ಜೋರಾಗಿ ಹೋದ್ರೂ ತೋರಿಸಕ್ಕೆ ಒಂದು ಹಸಿರು ಸಿಕ್ಕೇ ಸಿಗತ್ತೆ. ಮತ್ತೆ ಅದೇ ಪ್ರಶ್ನೆ, ಪುಸ್ತಕ ಪೂರ್ತಿ ಇದೆಯಾ.

ಹಾಗಾಗಿ ಎರಡು ಕಾಗದ ಕೇಳಿ. ಒಂದು, ಅವರು ಕಾಲ್ ಕೊಟ್ಟ ದಿನದ್ದೇ ಕಾಂಟ್ರಾಕ್ಟ್ ನೋಟ್. ಬ್ರೋಕರ್ ಕಳಿಸೋ ಈ ಕಾಗದದಲ್ಲಿ ಆರ್ಡರ್ ನಂಬರ್, ಟ್ರೇಡ್ ನಂಬರ್, ಟ್ರೇಡ್ ನಡೆದ ಸಮಯ ಎಲ್ಲ ಇರತ್ತೆ. ಕಾಲ್ ಕೊಟ್ಟ ಸಮಯದ ಪಕ್ಕ ಇದನ್ನ ಇಟ್ಟು ನೋಡಿ. ಕಾಲ್ 10:15ಕ್ಕೆ, ಅವರು ಕೊಂಡದ್ದು 10:02ಕ್ಕೆ, ಮಾರಿದ್ದು 10:17ಕ್ಕೆ ಆಗಿದ್ರೆ ನೀವು ಗಿರಾಕಿ ಅಲ್ಲ, ಅವರ ಮಾಲು ಕೊಂಡೋರು.

ಎರಡನೇದು ನಮ್ಮ ಸಬ್ಜೆಕ್ಟೇ. ಎಫ್ ಆ್ಯಂಡ್ ಓ ಲಾಭ ನಷ್ಟ ತೆರಿಗೆ ಲೆಕ್ಕದಲ್ಲಿ ವ್ಯಾಪಾರದ ಆದಾಯ, ಸಾಮಾನ್ಯವಾಗಿ ಐಟಿಆರ್-3ರಲ್ಲಿ ಹೋಗತ್ತೆ. ಅಕೌಂಟ್ ಎಷ್ಟಿದ್ರೂ ಪ್ಯಾನ್ ಒಂದೇ. ವರ್ಷಕ್ಕೆ ಹತ್ತು ಲಕ್ಷ ಗಳಿಸಿದೋರ ರಿಟರ್ನ್‌ನಲ್ಲಿ ಆ ಲಾಭ ಕಾಣಲೇಬೇಕು. ತಮ್ಮನ ಪ್ಯಾನ್‌ನ ನಷ್ಟ ಇದ್ರಲ್ಲೂ ಕಾಣಲ್ಲ, ನಿಜ. ಆದ್ರೂ ವಿಳಾಸ, ಪ್ಯಾನ್ ಮಸುಕು ಮಾಡಿ ಆ ಒಂದು ಪುಟ ತೋರಿಸಿ ಅಂದ್ರೆ ಎಷ್ಟು ಜನ ತೋರಿಸ್ತಾರೆ ನೋಡಿ. ಕೊಡಬೇಕಾದ ಕಟ್ಟುಪಾಡು ಅವರಿಗಿಲ್ಲ. ದುಡ್ಡು ಕೊಡಬೇಕಾದ ಕಟ್ಟುಪಾಡು ನಿಮಗೂ ಇಲ್ಲ.

ಸಣ್ಣ ಕಂಪನಿ ಶೇರಿನ ಟಿಪ್ಸ್ ಆದ್ರೆ ಮಾತ್ರ ಈ ಪರೀಕ್ಷೆ ತಲೆಕೆಳಗಾಗತ್ತೆ, ಹುಷಾರು. ಅಲ್ಲಿ ಕಾಲ್ ಸರಿಹೋಗೋದೇ ಅನುಮಾನದ ವಿಷಯ. 'ಬುಲ್‌ರನ್ 2017' ಅಂತ ಒಂದು ಟೆಲಿಗ್ರಾಂ ಚಾನೆಲ್ ಇತ್ತು, ಸುಮಾರು 50 ಸಾವಿರ ಸದಸ್ಯರು. ನಡೆಸ್ತಿದ್ದೋರು ಮೊದಲು ತಾವು ಆ ಶೇರು ಕೊಂಡು, ಆಮೇಲೆ ಚಾನೆಲ್‌ನಲ್ಲಿ ಕೊಳ್ಳಿ ಅಂತ ಹೇಳಿ, ಜನ ನುಗ್ಗಿ ಬೆಲೆ ಏರಿದಾಗ ತಮ್ಮದನ್ನ ಮಾರಿದ್ರು ಅಂತ 2022ರ ಜನವರಿಯಲ್ಲಿ ಸೆಬಿ ಮಧ್ಯಂತರ ಆದೇಶ ಮಾಡಿ 2.84 ಕೋಟಿ ಮುಟ್ಟುಗೋಲು ಹಾಕ್ತು. ಅಲ್ಲಿ ಟಿಪ್‌ನಿಂದಲೇ ಬೆಲೆ ಏರತ್ತೆ. ಭಾವ್‌ಕಾಪಿಯಲ್ಲಿ ಟಿಪ್ ಬರೋ ಮುಂಚಿನ ಒಂದು ವಾರದ ವ್ಯವಹಾರದ ಪ್ರಮಾಣ ನೋಡಿ. ದಿನಕ್ಕೆ ಕೆಲವು ಸಾವಿರ ಶೇರು ಓಡಾಡ್ತಿದ್ದದ್ದು ಟಿಪ್‌ನ ಹಿಂದಿನ ಎರಡು ಮೂರು ದಿನ ಮಾತ್ರ ಹತ್ತು ಪಟ್ಟು ಆಗಿದ್ರೆ, ಯಾರೋ ನಿಮಗಿಂತ ಮುಂಚೆ ಒಳಗೆ ಹೋಗಿ ಕೂತಿದ್ದಾರೆ ಅನ್ನೋ ಅನುಮಾನ ಇಟ್ಕೊಳ್ಳಿ.

(9/9)
ಹಾಗಾದ್ರೆ ಯಾರ ಹಳೇ ಸಾಧನೆಯನ್ನೂ ನಂಬೋ ಹಾಗೇ ಇಲ್ವಾ? ಇದಕ್ಕೆ ಈಗ ಒಂದು ದಾರಿ ಬಂದಿದೆ. ನೋಂದಣಿ ಇರೋ ಅನಾಲಿಸ್ಟ್‌ಗಳ ಸಾಧನೆಯನ್ನ ಮೂರನೆಯವರೊಬ್ಬರು ಲೆಕ್ಕ ಹಾಕಿ ದೃಢಪಡಿಸೋ ವ್ಯವಸ್ಥೆಗೆ ಸೆಬಿ 2025ರಲ್ಲಿ ರೂಪ ಕೊಡ್ತು, ಹೆಸರು `PaRRVA`. ಕೇರ್ ರೇಟಿಂಗ್ಸ್ ಲೆಕ್ಕ ಹಾಕತ್ತೆ, ಡೇಟಾ ಎನ್‌ಎಸ್‌ಇ ಕಡೆಯಿಂದ. ಇದರಲ್ಲಿ ನನಗೆ ಇಷ್ಟ ಆಗಿದ್ದು ಅದರ ದಿಕ್ಕು. ಅನಾಲಿಸ್ಟ್ ಸೇರಿದ ದಿನದಿಂದ ಮುಂದಕ್ಕೆ ಕೊಟ್ಟ ಕಾಲ್ಸ್ ಲೆಕ್ಕಕ್ಕೆ ಬರತ್ತೆ. ಹಿಂದಿನದ್ದರಲ್ಲಿ ಚೆನ್ನಾಗಿರೋದನ್ನ ಆರಿಸಿ ತಂದು ಕೊಡಕ್ಕಾಗಲ್ಲ. ಯಾರಾದ್ರೂ ರಿಸರ್ಚ್ ಅನಾಲಿಸ್ಟ್ ಪರ್ಸೆಂಟೇಜ್ ಹೇಳಿದ್ರೆ, ಇದು ಅಲ್ಲಿ ದೃಢಪಟ್ಟಿದ್ದಾ ಅಂತ ಕೇಳಿ. ನೋಂದಣಿ ಇಲ್ಲದ ಚಾನೆಲ್‌ಗೆ ಈ ಬಾಗಿಲೇ ಇಲ್ಲ.

ಅದಲ್ಲದೆ ನೋಂದಣಿ ಇರೋ ಅನಾಲಿಸ್ಟ್‌ಗಳು ತಾವು ಕೊಟ್ಟ ಸಲಹೆ, ಅದಕ್ಕೆ ಕಾರಣ ಎಲ್ಲದರ ದಾಖಲೆಯನ್ನ ಐದು ವರ್ಷ ಇಟ್ಕೋಬೇಕು ಅನ್ನೋದು ನಿಯಮ. ಹಾಗಾಗಿ "ಕಳೆದ ಆರು ತಿಂಗಳ ಎಲ್ಲ ಕಾಲ್‌ಗಳ ಪಟ್ಟಿ, ಸಮಯದ ಜೊತೆ, ಸೋತವೂ ಸೇರಿ" ಅಂತ ಕೇಳೋದು ಅತಿ ಅಲ್ಲ. ಅವರ ಹತ್ರ ಅದು ಇರಲೇಬೇಕು.

ಇದೇ ಸಾಲನ್ನ ನಿಮಗೆ ಲಿಂಕ್ ಕಳಿಸಿದ ಅಡ್ಮಿನ್‌ಗೂ ಕಳಿಸಿ, ದುಡ್ಡು ಕೊಡೋ ಮುಂಚೆ. ಉತ್ತರ ಹೀಗೆಲ್ಲ ಬರಬಹುದು: "ಟ್ರಸ್ಟ್ ಇದ್ರೆ ಬನ್ನಿ ಬ್ರೋ", "ಸೀಟ್ಸ್ ಬರೀ 5 ಉಳಿದಿದೆ", ಇಲ್ಲಾಂದ್ರೆ ಹನ್ನೆರಡು ಸ್ಕ್ರೀನ್‌ಶಾಟ್ ಒಟ್ಟಿಗೆ. ಬ್ಲಾಕ್ ಆದ್ರೆ ಅದೂ ಉತ್ತರವೇ. ನಷ್ಟ ಆದ್ರೆ ಫೀಸ್ ವಾಪಸ್ ಅಂದ್ರೆ ಯಾವ ಲೆಕ್ಕದ ನಷ್ಟ, 10 ಪಾಯಿಂಟ್‌ದಾ ಗರಿಷ್ಠದ್ದಾ, ದುಡ್ಡು ವಾಪಸ್ಸಾ ಅಥವಾ ಮುಂದಿನ ತಿಂಗಳು ಫ್ರೀನಾ ಅಂತ ಬರವಣಿಗೆಯಲ್ಲಿ ಕೇಳಿ. ಲಾಗಿನ್, ಓಟಿಪಿ ಕೇಳಿ "ನಾವೇ ಟ್ರೇಡ್ ಮಾಡಿಕೊಡ್ತೀವಿ" ಅಂದ್ರೆ ಮಾತಾಡೋದೇ ಬೇಡ. ಆಗಲೇ ದುಡ್ಡು ಹೋಗಿದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ನೋಂದಣಿ ಇರೋರ ಮೇಲಿನ ದೂರಾದ್ರೆ ಸೆಬಿಯ ಸ್ಕೋರ್ಸ್ ಪೋರ್ಟಲ್.

ನಾನು ಬಳಸೋ ಶೀಟ್ ಬಯೋದಲ್ಲಿ ಹಾಕಿದ್ದೀನಿ. ಆರೇ ಕಾಲಮ್: ಮೆಸೇಜ್ ಸಂಖ್ಯೆ, ಸಮಯ, ಅವರು ಹೇಳಿದ ಬೆಲೆ, ಮುಂದಿನ ನಿಮಿಷದ ಗರಿಷ್ಠ, ಮೊದಲು ಬಂದದ್ದು ಟಾರ್ಗೆಟ್ಟಾ ಸ್ಟಾಪ್‌ಲಾಸಾ, ಪಾಯಿಂಟ್. ಖರ್ಚಿನ ಲೆಕ್ಕ ಕೆಳಗಡೆ ತಾನೇ ಕಳೆಯತ್ತೆ. ಫ್ರೀ ಚಾನೆಲ್‌ನ ಕಾಲ್ಸ್ ತುಂಬಿಸಿ ಸಾಕು, ವಿಐಪಿಗೆ ದುಡ್ಡು ಕೊಡೋದು ಬೇಡ. ನಾಲ್ಕು ಜನ ಸೇರಿ ಫೀಸ್ ಹಂಚ್ಕೊಳ್ಳೋ ಬದಲು ಶೀಟ್ ಹಂಚ್ಕೊಂಡ್ರೆ ಒಬ್ಬೊಬ್ಬರಿಗೆ ವಾರಕ್ಕೆ ಒಂದೋ ಎರಡೋ ದಿನದ ಕೆಲಸ. ತುಂಬಿಸಿದೋರು ನನಗೂ ಕಳಿಸಿ, ಚಾನೆಲ್ ಹೆಸರು ಅಳಿಸಿ ಇಲ್ಲೇ ಹಾಕ್ತೀನಿ. ಲಾಭ ಬಂದಿದ್ರೂ ಹಾಕ್ತೀನಿ.